ಅನುಮತಿ ಕೇಳಿದರೆ ಘೀಳಿಡುವ ಟ್ಯಾಬ್

ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಆಕ್ಷೇಪಣೆಗಳನ್ನೆಲ್ಲ ನಾವೇ ಹೇಳಿ ಮುಗಿಸಿಬಿಡಬೇಕು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ನನ್ನ ಅಣ್ಣನ ಮುಂದೆ ಅದು ಎಂದೂ ಫಲಿಸಿಲ್ಲ. ಅವನು ಆನೇಮಹಲ್ ಆಚೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್; ಆಳುಗಳ ಹಾಜರಿ ಹಾಕಿ ದಿನದ ಕೆಲಸ ಹಂಚುವವನು. ಬೆಳಗಾದರೆ ನೆಪಗಳನ್ನೇ ಕೇಳುತ್ತ ಬೆಳೆದವನಾದ್ದರಿಂದ ಯಾರ ವಾದವನ್ನಾದರೂ ಪೂರ್ತಿ ಆಲಿಸುತ್ತಾನೆ. ಆಮೇಲೆ, "ಆಯ್ತು, ಈಗ ಏನ್ ಮಾಡ್ಬೇಕು ಹೇಳು" ಎನ್ನುತ್ತಾನೆ. ಅಲ್ಲಿಗೆ ವಾಗ್ಮಿತೆ ಸತ್ತಂತೆ.

ಅವನ ಮಗಳು ಏಳನೆಯ ತರಗತಿಗೆ ಬಂದ ವರ್ಷ ಅವಳ ಶಾಲೆಯ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ವಿಜ್ಞಾನದ ಪಾಠಗಳನ್ನು ವಿಡಿಯೊದಲ್ಲಾದರೂ ಕಲಿಯುತ್ತೇನೆ, ಒಂದು ಟ್ಯಾಬ್ ಕೊಡಿಸು ಎಂದು ಹುಡುಗಿ ಹಟ ಹಿಡಿದಳು. ಆಲೂರು ಕಡೆಯ ಶಾಲೆಗಳಲ್ಲಿ ಪಾಲಕರನ್ನು ಕೂರಿಸಿಕೊಂಡು, ಮಕ್ಕಳ ಕೈಗೆ ಪರದೆ ಕೊಡುವಾಗ ಪಾಲಿಸಬೇಕಾದ ನಿಯಮಗಳ ಬಗ್ಗೆ ಉಪನ್ಯಾಸ ಮಾಡುತ್ತಿದ್ದವಳು ನಾನು. ಮಗ್ಗೆ ಊರಿನ ಶಾಲೆಯಲ್ಲಿ ನನ್ನ ಮಾತು ಕೇಳಿ ಬಂದವರೊಬ್ಬರು ಅಣ್ಣನ ಕಿವಿಗೂ ಅದನ್ನು ಹಾಕಿದ್ದರು. ಅವನು ಫೋನ್ ಮಾಡಿದ.

"ನೋಡು ತಂಗಿ, ಊರಿಗೆಲ್ಲ ಹೇಳ್ತೀಯಂತೆ. ನೀನೇ ಬಂದು ಆರ್ಸು. ಮನೇಲಿ ರಗಳೆ ಆಯ್ತು ಅಂದ್ರೆ ಮುಂದಿನ ಸಂತೆ ದಿನ ವಾಪಸ್ ಕೊಟ್ಬುಡ್ತೀನಿ. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯೋ ಗಂಟ ಟ್ಯಾಬ್ ಅನ್ನೋ ಹೆಸ್ರು ಎತ್ತಂಗಿಲ್ಲ."

ಹೀಗೆ ಒಂದು ಹುಡುಗಿಯ ವಿಜ್ಞಾನವೆಲ್ಲ ನನ್ನ ಆಯ್ಕೆಯ ಮೇಲೆ ನಿಂತಿತು.

ಸಕಲೇಶಪುರದ ಅಂಗಡಿಯಾತ ಅಣ್ಣನಿಗೆ ಹಳೆಯ ಪರಿಚಯ. ಪೆಟ್ಟಿಗೆ ಕೆಡಿಸದೆ ತಂದರೆ ಸಂತೆಯವರೆಗೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಮಾತು ಕೊಟ್ಟ. ನಾನು ಪ್ರಬಂಧಕ್ಕೆ ಪೀಠಿಕೆ ಹಾಕುವವಳಂತೆ ಬಾಳಿಕೆ, ಪಾಲಕರ ನಿಯಂತ್ರಣ, ಪರದೆ, ಕಲಿಕೆಯ ಆ್ಯಪ್‌ಗಳು ಎಂದು ಆರಂಭಿಸಿದೆ. ಅಣ್ಣ ಅಷ್ಟರಲ್ಲಿ ಒಂದು ಟ್ಯಾಬನ್ನು ಎತ್ತಿ ಹಿಡಿದು, ಎರಡು ತುದಿಗಳನ್ನೂ ಅದುಮಿ, ಬಾಗುತ್ತದೆಯೇ ಎಂದು ನೋಡುತ್ತಿದ್ದ.

"ಬೀಳಿಸಿ ನೋಡ್ಬೌದಾ?"

"ಅಯ್ಯೋ ಮಾರಾಯ್ರೆ! ಬಿದ್ದು ಒಡೆದ್ರೆ ವಾರಂಟಿ ಬರಲ್ಲ."

"ಬೀಳ್ದೆ ಇದ್ರೆ ವಾರಂಟಿ ಯಾಕಪ್ಪ ಬೇಕು?"

ಅಂಗಡಿಯಾತ ನನ್ನ ಮುಖ ನೋಡಿದ. ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ, ಬೀಳಿಸಿದ್ದಕ್ಕೆ ನಾವೇ ಹೊಣೆ. ಆದ್ದರಿಂದಲೇ ಮೂಲೆಗಳು ದಪ್ಪವಾಗಿರುವ, ಅಂಚು ಪರದೆಗಿಂತ ಸ್ವಲ್ಪ ಎದ್ದು ನಿಂತಿರುವ ರಬ್ಬರ್ ಕವಚವನ್ನೂ ಗಾಜಿನ ಮೇಲೊಂದು ರಕ್ಷಾಗಾಜನ್ನೂ ಜೊತೆಗೇ ಕೊಳ್ಳಬೇಕು ಎಂದು ನಾನು ವಿವರಿಸಿದೆ. ಅಣ್ಣ ಪೂರ್ತಿ ಕೇಳಿ, "ಆಯ್ತು, ಹಾಕು" ಎಂದ.

ಪರದೆಯ ಪರೀಕ್ಷೆ ಮಾತ್ರ ನನ್ನದೇ ವಿಧಾನ. ಅಂಗಡಿಯಾತ ಬಣ್ಣಬಣ್ಣದ ಜಲಪಾತ ತೋರಿಸಿದ. ಜಲಪಾತ ಎಂಥ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಹುಡುಗಿ ಓದಬೇಕಾದದ್ದು ಕನ್ನಡ ಪಠ್ಯಪುಸ್ತಕ. ಅದರ ಒಂದು ಪುಟವನ್ನು ತೆರೆಸಿ 'ದ್ಯುತಿಸಂಶ್ಲೇಷಣೆ' ಎಂಬ ಪದವನ್ನು ಹುಡುಕಿದೆ. ಅಗ್ಗದ ಟ್ಯಾಬಿನಲ್ಲಿ 'ಶ್ಲೇ'ಯ ಕೆಳಗಿನ ಲಕಾರ ಕಲಸಿಹೋಗಿ, ಅಕ್ಷರದಡಿ ಇರುವೆ ಸತ್ತು ಬಿದ್ದಂತೆ ಕಾಣುತ್ತಿತ್ತು. ದೊಡ್ಡದು ಮಾಡಿದರೆ ಸಾಲು ಪರದೆಯಿಂದಾಚೆ ಓಡುತ್ತಿತ್ತು. ಪರದೆಯ ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು, ಹೆಚ್ಚು ಒತ್ತೊತ್ತಾಗಿದ್ದ ಮತ್ತೊಂದರಲ್ಲಿ ಒತ್ತಕ್ಷರವೂ ತನ್ನ ಸ್ವಂತ ಮರ್ಯಾದೆಯಲ್ಲಿ ನಿಂತಿತ್ತು. ಬಾಗಿಲ ಹೊರಗೆ ಬಿಸಿಲಿಗೆ ಒಯ್ದೆ. ಬೆಳಕು ಏರಿಸಿದರೆ ಅಕ್ಷರ ಉಳಿಯಿತು. ಓರೆಯಾಗಿ ನೋಡಿದರೂ ಬಣ್ಣ ಕೆಡಲಿಲ್ಲ. ಅದನ್ನೇ ಕೊಂಡೆವು.

"ಅಕ್ಕಾವ್ರು ಒತ್ತು ನೋಡಿ ಟ್ಯಾಬ್ ತಗೊಳ್ತಾರೆ, ನಮ್ಮ ಕಂಪ್ನಿಯೋರ್ಗೆ ಇದು ಗೊತ್ತೇ ಇಲ್ಲ ಕಣ್ರೀ" ಎಂದ ಅಂಗಡಿಯಾತ. ನಾನದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆ.

ಮನೆಗೆ ಬಂದು ಮಗುವಿನ ಖಾತೆ ತೆರೆದು ಅಣ್ಣನ ಫೋನಿಗೆ ಜೋಡಿಸಿದೆ. ಇನ್ನು ಮುಂದೆ ಹುಡುಗಿ ಯಾವ ಹೊಸ ಆ್ಯಪ್ ಬೇಕೆಂದರೂ ಕೋರಿಕೆ ಅಪ್ಪನ ಫೋನಿಗೆ ಬರುತ್ತದೆ; ಅವನು ಒಪ್ಪಿದರೆ ಮಾತ್ರ ಅದು ಟ್ಯಾಬಿಗೆ ಇಳಿಯುತ್ತದೆ. ದಿನಕ್ಕೊಂದು ಸಮಯದ ಮಿತಿ; ಮಲಗುವ ಹೊತ್ತಿಗೆ ತಾನಾಗಿ ಬೀಗ. ವಿಜ್ಞಾನದ ಆ್ಯಪ್ ಒಂದನ್ನು ಮಾತ್ರ ದಿನದ ಮಿತಿಯ ಲೆಕ್ಕದಿಂದ ಹೊರಗಿಟ್ಟೆ. ಅದರಲ್ಲಿ ಪಾಠಗಳು ಕನ್ನಡದಲ್ಲಿವೆಯೇ, ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತವೆಯೇ ಎಂದು ಮೊದಲೇ ನೋಡಿದ್ದೆ.

"ಅಂದ್ರೆ ನಾನು ಹಾಜರಿ ಹಾಕ್ದಂಗೆ" ಎಂದ ಅಣ್ಣ, ಮೊದಲ ಬಾರಿಗೆ ಸಂತೋಷದಿಂದ.

ಇದರ ಮೇಲೆ ನನ್ನ ಉಪನ್ಯಾಸದ ಎರಡು ನಿಯಮಗಳನ್ನೂ ಜಾರಿಗೊಳಿಸಿದೆ. ಟ್ಯಾಬ್ ಬಳಸುವುದು ಎಲ್ಲರೂ ಓಡಾಡುವ ಹಾಲಿನಲ್ಲಿ ಮಾತ್ರ. ಇಯರ್‌ಫೋನ್ ಕೂಡದು, ಮಗು ಕೇಳುವುದನ್ನು ಮನೆಯೂ ಕೇಳಬೇಕು. ಎಸ್ಟೇಟ್ ಆಫೀಸಿನ ವೈಫೈ ಕೂಡ ಅವರ ಕ್ವಾರ್ಟರ್ಸಿನಲ್ಲಿ ಹಾಲಿನವರೆಗೆ ಮಾತ್ರ ತಲುಪುತ್ತಿದ್ದುದರಿಂದ ನನ್ನ ತತ್ತ್ವಕ್ಕೆ ಪ್ರಕೃತಿಯ ಬೆಂಬಲವೂ ದೊರೆಯಿತೆಂದು ಹಿಗ್ಗಿ ಆಲೂರಿಗೆ ಮರಳಿದೆ.

ಸಂತೆಗೆ ಮುಂಚೆಯೇ ಫೋನ್ ಬಂತು. "ತಂಗಿ, ಬಾ. ಟ್ಯಾಬ್ ವಾಪಸ್ ಹೋಗ್ತೈತೆ."

ನಡೆದದ್ದು ಹೀಗೆ. ನಮ್ಮ ಕಡೆ ಆನೆ ಎಲ್ಲಿದೆ ಎಂದು ತಿಳಿಸಲು ಪ್ರತಿ ಎಸ್ಟೇಟಿನವರಿಗೂ ಫೋನಿನಲ್ಲಿ ಒಂದು ಗುಂಪು ಇದ್ದೇ ಇರುತ್ತದೆ. ಆ ಸಂದೇಶ ತಪ್ಪಿಹೋಗಬಾರದೆಂದು ಅಣ್ಣ ತನ್ನ ಫೋನಿಗೆ ಆನೆಯ ಘೀಳನ್ನೇ ದನಿಯಾಗಿ ಇಟ್ಟುಕೊಂಡಿದ್ದ. ಗುಂಪೊಂದಕ್ಕೆ ಮಾತ್ರ ದನಿ ಬದಲಿಸುವುದು ಗೊತ್ತಿಲ್ಲದೆ ಎಲ್ಲ ಸೂಚನೆಗಳಿಗೂ ಅದನ್ನೇ ಇಟ್ಟಿದ್ದ. ಅವನಿಗೆ ಬೇರೆ ಸೂಚನೆಗಳು ಬರುತ್ತಿದ್ದುದೂ ಅಪರೂಪ. ಈಗ ಮಗಳ ಒಂದೊಂದು ಕೋರಿಕೆಗೂ ಫೋನು ಘೀಳಿಡತೊಡಗಿತು. ಆನೆ ಎಂದಕೂಡಲೇ ಆ ಮನೆಯ ಪದ್ಧತಿಯೆಂದರೆ, ಹಾಲಿನಲ್ಲಿರುವ ಟಿವಿ ಆರಿಸಿ, ಬಾಗಿಲು ಹಾಕಿ, ಎಲ್ಲರೂ ಉಸಿರು ಬಿಗಿಹಿಡಿದು ಹೊರಗಿನ ಸದ್ದಿಗೆ ಕಿವಿಗೊಡುವುದು. ಅಣ್ಣ ಕನ್ನಡಕ ಹುಡುಕಿ ಸಂದೇಶ ಓದುವಷ್ಟರಲ್ಲಿ ಸಾಕಷ್ಟು ಹೊತ್ತು ಕಳೆಯುತ್ತಿತ್ತು. ಅತ್ತಿಗೆಯ ಧಾರಾವಾಹಿ ನಡೆಯುವ ವೇಳೆಗೇ ದಿನವೂ ಆನೆ ಬರುತ್ತಿತ್ತು.

ನಾನು ಹೋದಾಗ ಹಾಲಿನಲ್ಲಿ ನ್ಯಾಯಾಲಯ ಸಿದ್ಧವಾಗಿತ್ತು. ಹುಡುಗಿ ಟ್ಯಾಬನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು.

"ಆನೆ ಹೆಸ್ರಲ್ಲಿ ಸುಳ್ಳು ಹೇಳ್ತಾಳೆ ಕಣಮ್ಮ" ಎಂದ ಅಣ್ಣ. "ನಾಳೆ ನಿಜವಾಗ್ಲೂ ಆನೆ ಬಂದ್ರೆ ಯಾರು ನಂಬ್ತಾರೆ?"

"ನಾನೆಲ್ಲಿ ಹೇಳ್ದೆ ಅಪ್ಪ?" ಹುಡುಗಿಯ ದನಿ ನಡುಗುತ್ತಿದ್ದರೂ ವಾಕ್ಯ ನಡುಗಲಿಲ್ಲ. "ಆನೆ ಅನ್ನೋ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಪರ್ಮಿಷನ್ ಕೇಳ್ದೆ. ಕೇಳ್ದೆ ಏನೂ ಹಾಕ್ಬಾರ್ದು ಅಂತ ಅತ್ತೆನೇ ಹೇಳಿರೋದು. ಆನೆ ಕೂಗ್ಸಿದ್ದು ನಿನ್ ಫೋನು."

"ದಿನಾ ಅಡುಗೆ ಆಟ, ಕಾರಿನ ಆಟ ಕೇಳ್ತೀಯಲ್ಲೇ?"

"ನೀನು ಬೇಡ ಅಂತೀಯ. ಸುಮ್ನಾಗ್ತೀನಿ. ಒಂದ್ಸಲನಾದ್ರೂ ಹಟ ಮಾಡಿದ್ನಾ?"

ಅಲ್ಲಿಯೇ ನನಗೆ ಅನುಮಾನ ಹುಟ್ಟಿದ್ದು. ಸಿಗಲಿ ಎಂದು ಕೇಳುವ ಮಗು ಹಟ ಮಾಡದೆ ಇರುವುದಿಲ್ಲ. ಅವಳ ಕೈಯಿಂದ ಟ್ಯಾಬ್ ಈಸಿಕೊಂಡು ವಿಜ್ಞಾನದ ಆ್ಯಪ್ ತೆರೆದೆ. ದ್ಯುತಿಸಂಶ್ಲೇಷಣೆಯ ಪಾಠ ಮುಗಿದಿತ್ತು. ಉಸಿರಾಟದ ಪಾಠ ಅರ್ಧಕ್ಕೆ ಬಂದಿತ್ತು.

"ಟಿವಿ ಆಫ್ ಆದಾಗ್ಲೇ ಇದು ಕೇಳ್ಸೋದು ಅತ್ತೆ" ಎಂದಳು. "ಅವ್ವಂಗೆ ಸೌಂಡ್ ಕಮ್ಮಿ ಮಾಡು ಅಂದ್ರೆ, ನೀನೇ ಜೋರು ಇಟ್ಕೊ ಅಂತಾಳೆ. ನಾನು ಜೋರು ಇಟ್ರೆ ಅವ್ವ ಇನ್ನೂ ಜೋರು ಇಡ್ತಾಳೆ. ಆನೆ ಬಂದ್ರೆ ಮಾತ್ರ ಈ ಮನೇಲಿ ಪಾಠ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಅಲ್ಲಾ, ಧಾರಾವಾಹೀಲಿ ಅತ್ತೆ ಸೊಸೆ ಜಗಳ ಹತ್ಕೊಳೋ ಹೊತ್ಗೇ ಕರೆಕ್ಟಾಗಿ ಆನೆ ಕಳ್ಸೋಳಲ್ಲೇ ನೀನು!" ಎಂದಾಗ ನಗುವೆಂದು ಖಚಿತವಾಯಿತು.

ಅಣ್ಣ ನಗಲಿಲ್ಲ. "ಇಯರ್‌ಫೋನ್ ಹಾಕ್ಕೊಂಡ್ ಕೇಳ್ಬೌದಿತ್ತಲ್ಲ?"

"ಅದು ಕೂಡ್ದು ಅಂತ ಅತ್ತೆ ರೂಲ್ಸು."

ಮೂವರೂ ನನ್ನ ಕಡೆ ತಿರುಗಿದರು. ಪ್ರತಿವಾದಿಯ ಸ್ಥಾನದಲ್ಲಿ ನಾನೇ ಕುಳಿತಿರುವುದು ಆಗ ತಿಳಿಯಿತು. ನಿಯಮದ ಹಿಂದಿನ ಉದ್ದೇಶ, ಪಾಲಕರ ಕಣ್ಗಾವಲಿನ ತಾತ್ತ್ವಿಕ ನೆಲೆ, ಮಗುವಿನ ಶ್ರವಣದ ಆರೋಗ್ಯ ಇವುಗಳನ್ನು ಕುರಿತು ನಾನು ಸಾಕಷ್ಟು ವಿಸ್ತಾರವಾಗಿಯೇ ಮಾತನಾಡಿದೆ. ಅಣ್ಣ ಪೂರ್ತಿ ಕೇಳಿದ.

"ಆಯ್ತು, ಈಗ ಏನ್ ಮಾಡ್ಬೇಕು ಹೇಳು. ಸಂತೆ ನಾಳೆ."

ನನ್ನ ಕೈಯಲ್ಲಿದ್ದ ಟ್ಯಾಬಿನ ರಬ್ಬರ್ ಮೂಲೆಯನ್ನು ಹುಡುಗಿ ಬಿಡದೆ ಹಿಡಿದುಕೊಂಡಿದ್ದಳು. ಆ ಕೈಯನ್ನು ನೋಡಿದ ಮೇಲೆ ನನ್ನ ತೀರ್ಪು ಚುಟುಕಾಯಿತು. "ಟ್ಯಾಬ್ ಇರಲಿ. ಇಯರ್‌ಫೋನಿನ ನಿಯಮ ರದ್ದು. ಗುಂಪಿಗೊಂದು ದನಿ, ಇವಳ ಕೋರಿಕೆಗೊಂದು ದನಿ, ಈಗಲೇ ಬೇರೆ ಮಾಡುತ್ತೇನೆ."

"ರದ್ದು ಅಂದ್ರೆ?" ಅಣ್ಣ ಒಪ್ಪಲಿಲ್ಲ. "ಎರ್ಡೂ ಕಿವಿ ಮುಚ್ಕೊಂಡ್ ಕೂತ್ರೆ ಆನೆ ಬಂದ್ರೂ ಕೇಳ್ಸಲ್ಲ, ಅವ್ರವ್ವ ಕರುದ್ರೂ ಕೇಳ್ಸಲ್ಲ."

"ಹಂಗಾರೆ ಒಂದ್ ಕಿವಿ ಪಾಠಕ್ಕೆ, ಒಂದ್ ಕಿವಿ ಮನೆಗೆ" ಎಂದರು ಅತ್ತಿಗೆ. ನನ್ನ ಅಷ್ಟುದ್ದದ ವಾದದಲ್ಲಿ ಇರದಿದ್ದ ವಾಕ್ಯ ಅದೊಂದೇ.

ಮಾರನೆಯ ದಿನ ಅಣ್ಣ ಟ್ಯಾಬ್ ಇಲ್ಲದೆ ಸಂತೆಗೆ ಹೊರಟ, ನಾನೂ ಜೊತೆಗಿದ್ದೆ. ಅಂಗಡಿಯಲ್ಲಿ ಗಂಭೀರವಾಗಿ, "ಒಂದೇ ಕಿವೀದು ಕೊಡಿ" ಎಂದ.

"ಜೋಡೀನೇ ಬರೋದು ಮಾರಾಯ್ರೆ. ಒಂದು ಹಾಕ್ಕೊಂಡು ಇನ್ನೊಂದು ನೇತಾಡಕ್ಕೆ ಬಿಟ್ರಾಯ್ತು."

"ನೇತಾಡೋದು ಕಿವಿಗೆ ಹೋಗಕ್ಕೆ ಎಷ್ಟೊತ್ತು?"

ಜೋಡಿಯನ್ನೇ ಕೊಂಡುತಂದ. ಮನೆ ತಲುಪಿ, ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಕತ್ತರಿಯಿಂದ ಬಲಗಡೆಯ ತಂತಿಯನ್ನು ಗಂಟಿನ ಬಳಿ ಕಚಕ್ಕನೆ ಕತ್ತರಿಸಿದ. ನಾನು ಬೆಚ್ಚಿಬಿದ್ದೆ. "ಸುಮ್ನೆ ಎರಡು ಕಡೆಗೂ ಸಾರ ಹೋಗೋದ್ಯಾಕೆ" ಎಂದು ಹೇಳಿ, ಕತ್ತರಿಸಿದ ತುದಿಗೆ ಟೇಪು ಸುತ್ತಿ ಮಗಳ ಕೈಗಿಟ್ಟ.

ಎಡಗಿವಿಯಲ್ಲಿ ಉಸಿರಾಟದ ಪಾಠ ಸ್ಪಷ್ಟವಾಗಿ ಕೇಳಿಸಿತು. ಸಂಜೆ ಧಾರಾವಾಹಿ ಶುರುವಾಯಿತು. ಯಾವ ಆನೆಯೂ ಬರಲಿಲ್ಲ. ಮಧ್ಯದಲ್ಲಿ ಅತ್ತಿಗೆ ಒಗ್ಗರಣೆಗೆಂದು ಒಳಗೆ ಹೋಗಿ ಬಂದು, "ಏನಾಯ್ತೇ?" ಎಂದರು. ಹುಡುಗಿ ಪರದೆಯಿಂದ ಕಣ್ಣು ಎತ್ತದೆ, "ಸೊಸೆ ತವರಿಗೆ ಹೊರಟ್ಳು" ಎಂದು ಹೇಳಿ, ಶ್ವಾಸಕೋಶದ ಚಿತ್ರವನ್ನು ದೊಡ್ಡದು ಮಾಡಿಕೊಂಡಳು.