ಮುನ್ನೂರು ಪದ ಬರೆದುಕೊಡಿ ಟೀಚರ್

ನಿವೃತ್ತಿಯಾದ ಮೇಲೆ ಒಂದು ಕಡೆ ಕೂತಿರುವುದು ನನ್ನಿಂದ ಆಗುತ್ತಿರಲಿಲ್ಲ. ಗಾಳಿಬೀಡಿನ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಕಪಾಟನ್ನೇ ಮಧ್ಯಾಹ್ನ ಮತ್ತೆ ಒರೆಸುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಪಕ್ಕದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದಳು. ಜಾರ್ಖಂಡಿನವಳು, ಎಂಟು ತಿಂಗಳ ಗರ್ಭಿಣಿ. ಏಳನೇ ತರಗತಿವರೆಗೆ ಹಿಂದಿಯಲ್ಲಿ ಓದಿದ್ದಾಳೆ. ನಾನು ಹಿಂದಿ ಪರೀಕ್ಷೆಗಳನ್ನು ಕಟ್ಟಿದವಳು ಎಂದು ಯಾರೋ ಹೇಳಿದ್ದರಂತೆ.

ಅವಳು ಹಿಂದಿಯಲ್ಲಿ ಕೇಳಿದ್ದು ಇಷ್ಟೆ: ಇಲ್ಲಿಯ ಜನ ಹೆಚ್ಚಾಗಿ ಬಳಸುವ ಮುನ್ನೂರು ಕನ್ನಡ ಪದಗಳನ್ನು ಹಿಂದಿ ಅಕ್ಷರದಲ್ಲಿ ಅರ್ಥದ ಜೊತೆ ಬರೆದುಕೊಡಿ. ಆಸ್ಪತ್ರೆಯಲ್ಲಿ ಏನು ಕೇಳಿದರೂ ತಾನು ಹೂಂ ಅನ್ನುತ್ತೇನೆ, ಹೆರಿಗೆಗೆ ಮೊದಲು ನಾಲ್ಕು ಮಾತು ಕಲಿಯಬೇಕು ಎಂದಳು.

ಮೂವತ್ತು ವರ್ಷ ಒಂದನೇ ತರಗತಿಗೆ ಕನ್ನಡ ಕಲಿಸಿದವಳಿಗೆ ಇದೇನು ದೊಡ್ಡ ಕೆಲಸ? ಎರಡೇ ದಿನದಲ್ಲಿ ಪಟ್ಟಿ ಸಿದ್ಧವಾಯಿತು. ಅರಸ, ಆನೆ, ಇಲಿ, ಈಟಿ, ಉಡ, ಊಟ, ಋಷಿ. ಅಕ್ಷರಮಾಲೆಯ ಕ್ರಮದಲ್ಲಿ, ಕೆಂಪು ಗೆರೆ ಎಳೆದು, ಮುದ್ದಾಗಿ ಬರೆದೆ. ಕೊಡುವಾಗ ನನಗೆ ಹೆಮ್ಮೆಯೋ ಹೆಮ್ಮೆ.

ಒಂದು ವಾರ ಬಿಟ್ಟು ಅವಳ ತಪಾಸಣೆಗೆ ನಾನೂ ಆರೋಗ್ಯ ಕೇಂದ್ರಕ್ಕೆ ಹೋದೆ. ಪಟ್ಟಿಯನ್ನು ಅವಳು ಬಾಯಿಪಾಠ ಮಾಡಿದ್ದಳು. ನರ್ಸ್ ಕೇಳಿದರು, "ಮಾತ್ರೆ ತಗೊಳ್ತಾ ಉಂಟಾ?"

"ಹೂಂ."

"ತಲೆ ಸುತ್ತುದು ಉಂಟಾ?"

"ಹೂಂ."

"ಮಗು ಅಲ್ಲಾಡುದು ಕಮ್ಮಿ ಆಗಿದ್ಯಾ?"

"ಹೂಂ."

ನರ್ಸ್ ಬೆಚ್ಚಿಬಿದ್ದರು. ನಾನು ಹಿಂದಿಯಲ್ಲಿ ಕೇಳಿದರೆ ತಲೆಸುತ್ತೂ ಇಲ್ಲ, ಮಗು ಚೆನ್ನಾಗಿಯೇ ಒದೆಯುತ್ತಿದೆ. "ಟೀಚರ್, ಇವರಿಗೆ ಎಂತ ಕಲಿಸಿದ್ದು ನೀವು?" ಎಂದು ನರ್ಸ್ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲೇ ಪಟ್ಟಿ ಬಿಡಿಸಿ ಹುಡುಕಿದೆ. ಈಟಿ ಇತ್ತು, ಋಷಿ ಇದ್ದ. 'ಇಲ್ಲ' ಇರಲಿಲ್ಲ. 'ಬೇಡ' ಇರಲಿಲ್ಲ. 'ಏನು', 'ಯಾಕೆ', 'ನೋವು', 'ನಿನ್ನೆ' ಯಾವುದೂ ಇರಲಿಲ್ಲ.

ನಾಚಿಕೆಯಾಯಿತು. 'ಇಲ್ಲ' ಎಂಬುದನ್ನು ನಾನು ಯಾವ ಮಗುವಿಗೆ ಕಲಿಸಿದ್ದೆ? ಮಕ್ಕಳು ಅದನ್ನು ಕಲಿತೇ ಶಾಲೆಗೆ ಬರುತ್ತಿದ್ದರು. ಮನೆಯಲ್ಲಿ ಕೊಡವ ಭಾಷೆಯೋ ಮಲಯಾಳವೋ ಆಡುವವರು ಪಕ್ಕದ ಮಗುವಿನಿಂದ ಹೆಕ್ಕಿಕೊಳ್ಳುತ್ತಿದ್ದರು. ನಾನು ಕಲಿಸಿದ್ದು ಅಕ್ಷರ. ಅಕ್ಷರ ಗುರುತು ಮಾಡಿಸಲು ಆರಿಸಿದ ಪದವನ್ನೇ ದಿನಬಳಕೆಯ ಪದವೆಂದು ಬರೆದುಕೊಟ್ಟಿದ್ದೆ.

ಮರುದಿನದಿಂದ ಆರೋಗ್ಯ ಕೇಂದ್ರದ ಬೆಂಚು, ಬಸ್ಸು, ಅಂಗಡಿ ಎಲ್ಲ ಕಡೆ ನೋಟ್‌ಬುಕ್ ಹಿಡಿದು ಕೂತೆ. ಕೂತೆ ಎನ್ನುವುದು ಸುಳ್ಳು, ಚಡಪಡಿಸಿದೆ. ಯಾರು ಏನು ಆಡಿದರೆಂದಲ್ಲ, ಯಾವ ಪದ ಎಷ್ಟು ಸಲ ಬಂತೆಂದು ಗೀಟು ಹಾಕುತ್ತಿದ್ದೆ. ಹೋದೆ, ಹೋಗ್ತಾರೆ, ಹೋಗ್ಬೇಕು ಎಂದೆಲ್ಲ ಬಂದಾಗ ಬೇರೆ ಬೇರೆ ಬರೆದು ಪುಟ ತುಂಬಿತು. ಹರಿದುಹಾಕಿ, ಎಲ್ಲವನ್ನೂ 'ಹೋಗು' ಎಂಬ ಒಂದರ ಕೆಳಗೆ ಸೇರಿಸಿದೆ. ಅದು, ಇದು, ನಾನು, ಇಲ್ಲ, ಉಂಟು, ಮಾಡು, ಬಾ, ಹೇಳು, ಬೇಕು, ಎಲ್ಲಿ, ಮತ್ತೆ: ಮೇಲಿನ ಸಾಲುಗಳಲ್ಲಿ ಇಂಥ ಚಿಕ್ಕಪುಟ್ಟವೇ ತುಂಬಿಕೊಂಡವು. ಅರಸನಿಗೆ ಒಂದು ಗೀಟೂ ಬೀಳಲಿಲ್ಲ. ನೋವು, ರಕ್ತ, ಕಮ್ಮಿ, ಜಾಸ್ತಿ ಮುಂತಾದ ಆಸ್ಪತ್ರೆಯ ಪದಗಳನ್ನು ನಾನೇ ಸೇರಿಸಿದೆ. ಒಂದೊಂದರ ಎದುರಿಗೂ ಜನ ಆಡುವ ಪುಟ್ಟ ವಾಕ್ಯ ಬರೆದೆ. ಮುನ್ನೂರು ಆಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಅವಳು ಮಾತ್ರ ದಿನಾ ಸಂಜೆ ಕೆಲಸ ಬಿಟ್ಟು ಬಂದು ಹತ್ತು ಹತ್ತು ಪದ ಒಪ್ಪಿಸುತ್ತಿದ್ದಳು.

ಎರಡು ವಾರದ ನಂತರ ಮತ್ತೆ ಅದೇ ಬೆಂಚು. ಮಡಿಕೇರಿ ಬಸ್ಸಿಗೆ ತಡವಾಗುತ್ತದೆಂದು ನಾನು ತುದಿಗಾಲಲ್ಲಿ ನಿಂತಿದ್ದೆ. ನರ್ಸ್ ಕೇಳಿದರು, "ಮಗು ಚೆನ್ನಾಗಿ ಅಲ್ಲಾಡ್ತದಾ?"

"ಓ, ಚೆನ್ನಾಗಿ! ಮೊನ್ನೆ ಕೂಡ ಒದೀತದೆ ಅಂತ ಹೇಳಿದ್ಳು," ಎಂದೆ ನಾನು. ಹಿಂದಿಯಲ್ಲಿ ಅವಳನ್ನು ಕೇಳುವಷ್ಟೂ ಪುರುಸೊತ್ತು ನನಗಿರಲಿಲ್ಲ. ನರ್ಸ್ ಪೆನ್ನು ಎತ್ತಿದ್ದರು.

ಅವಳು ನನ್ನ ಕೈ ಹಿಡಿದಳು. "ಇಲ್ಲ, ಟೀಚರ್." ಆಮೇಲೆ ನರ್ಸ್ ಕಡೆ ತಿರುಗಿ ಒಂದೊಂದೇ ಪದ ಇಟ್ಟಳು. "ನಿನ್ನೆ ಕಮ್ಮಿ. ಇವತ್ತು ಇಲ್ಲ."

ನರ್ಸ್ ಪೆನ್ನು ಕೆಳಗಿಟ್ಟು ಆ್ಯಂಬುಲೆನ್ಸಿಗೆ ಫೋನ್ ಮಾಡಿದರು. ಮಡಿಕೇರಿಯಲ್ಲಿ ಆವತ್ತೇ ಆಪರೇಷನ್ ಆಯಿತು. ಹೆಣ್ಣು ಮಗು, ಅತ್ತಿತು. ವಾರ್ಡಿನ ಹೊರಗೆ ಆ ಅಳು ಕೇಳುತ್ತಾ ನಾನು ಒಂದೇ ಕಡೆ ಕೂತಿದ್ದೆ. ಪಟ್ಟಿ ನನ್ನ ಬ್ಯಾಗಿನಲ್ಲೇ ಇತ್ತು. ಮೂವತ್ತು ವರ್ಷ ಯಾರಿಗೂ ಕಲಿಸದ ಪದವನ್ನು ಅವಳಿಗೆ ಕಲಿಸಿದ್ದೆ. ಅವಳು ಅದನ್ನು ಮೊದಲು ಹೇಳಿದ್ದು ನನಗೇ.