ಬಿಟ್ಟರೂ ಗಲ್ಲಿಗೇರಿದ ಕಳ್ಳ

ಆ ವಾರ ಏನೇನು ಕೆಡಬಹುದಿತ್ತು ಎಂದು ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ನನ್ನ ತಂಡದ ಹುಡುಗಿಯೊಬ್ಬಳ ಕೆಲಸ ಹೋಗಬಹುದಿತ್ತು. ಅವಳ ಪರ ಮಾತಾಡಿದ್ದಕ್ಕೆ ನನ್ನದೂ ಹೋಗಬಹುದಿತ್ತು. ವಿಡಿಯೊ ಆಟ ತಯಾರಿಸುವ ವಿದೇಶಿ ಕಂಪನಿಯವರು ಬೆಂಗಳೂರಿನವರಿಗೆ ಆಡುವುದಕ್ಕೇ ಬರುವುದಿಲ್ಲ ಎಂದು ತೀರ್ಮಾನಿಸಿ ಇಡೀ ಕೆಲಸವನ್ನು ಬೇರೆ ಊರಿಗೆ ಕೊಡಬಹುದಿತ್ತು. ನಾನು ಸರಿಯಿದೆ ಎಂದು ಸಹಿ ಹಾಕಿದ ಆಟ ಅಂಗಡಿಗೆ ಬಂದ ಮೇಲೆ ಯಾರೋ ಗ್ರಾಹಕರ ಕೋರ್ಟಿಗೆ ಹೋಗಬಹುದಿತ್ತು. ಅಲ್ಲಿ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, ಇಂಥ ತಾರೀಕು ನೀವು ಒಬ್ಬ ಮುದುಕಿಯನ್ನು ಒದ್ದದ್ದು ನಿಜವೇ ಎಂದು ಕೇಳಬಹುದಿತ್ತು. ಈ ಕೊನೆಯದನ್ನು ಹೆಂಡತಿಗೆ ಹೇಳಿದಾಗ ಅವಳು, "ಒದ್ದೀರೋ ಇಲ್ಲೋ, ಅದನ್ನ ಮೊದಲ ಹೇಳ್ರಿ" ಅಂದಳು.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ಲೇತ್ ಯಂತ್ರದ ಮೇಲೆ ತಯಾರಾದ ಬಿಡಿಭಾಗಗಳ ಅಳತೆ ನೋಡುತ್ತಿದ್ದವನು. ಅಳತೆಯ ಗೇಜಿನೊಳಗೆ ಹೋದರೆ ಪಾಸು, ಹೋಗದಿದ್ದರೆ ತಿಪ್ಪೆಗೆ. ಅಷ್ಟು ಸ್ಪಷ್ಟವಾದ ಬದುಕು. ಆ ಕಾರ್ಖಾನೆ ಮುಚ್ಚಿದಾಗ ‘ಗುಣಮಟ್ಟದಲ್ಲಿ ಅನುಭವವುಳ್ಳವರು’ ಎಂಬ ಒಂದೇ ಸಾಲಿನ ಬಲದಿಂದ ವೈಟ್‌ಫೀಲ್ಡಿನ ಕಂಪನಿಯೊಂದಕ್ಕೆ ಸೇರಿಕೊಂಡೆ. ಅಲ್ಲಿ ವಿಡಿಯೊ ಗೇಮುಗಳನ್ನು ಮಾರಾಟಕ್ಕೆ ಮುಂಚೆ ಆಡಿ ತಪ್ಪು ಹುಡುಕುತ್ತಿದ್ದರು. ನನ್ನ ಕೈಕೆಳಗೆ ಎಂಟು ಜನ ಆಡುವವರು. ನಾನೊಬ್ಬನೇ ಆಡಲು ಬಾರದವನು, ಆದ್ದರಿಂದ ನಾನೇ ಮೇಲಿನವನು.

ಆಗ ಬಂದ ಆಟದಲ್ಲಿ ನಾವು ಒಬ್ಬ ಸೈನಿಕ. ಆರು ಅಧ್ಯಾಯ. ದಾರಿಯುದ್ದಕ್ಕೂ ಧರ್ಮಸಂಕಟಗಳು: ಭಿಕ್ಷೆ ಬೇಡುವ ಮುದುಕಿಗೆ ನಾಣ್ಯ ಕೊಡಬಹುದು, ಸುಮ್ಮನೆ ದಾಟಿ ಹೋಗಬಹುದು, ಒದೆಯಬಹುದು. ಉರಿಯುವ ಗಿರಣಿಯೊಳಗಿನ ಹೆಂಗಸನ್ನು ಕಾಪಾಡಬಹುದು, ಇಲ್ಲವೇ ಅಲ್ಲಿದ್ದ ಧಾನ್ಯ ಹೊತ್ತುಕೊಂಡು ಹೋಗಬಹುದು. ಊರ ಬಾವಿಯನ್ನು ಶುಚಿ ಮಾಡಬಹುದು, ಇಲ್ಲವೇ ವಿಷ ಬೆರೆಸಬಹುದು. ಎರಡನೇ ಅಧ್ಯಾಯದಲ್ಲಿ ಒಬ್ಬ ಕಳ್ಳ ಕೈಗೆ ಸಿಗುತ್ತಾನೆ. ಅವನನ್ನು ಬಿಡಬಹುದು ಅಥವಾ ಗಲ್ಲಿಗೇರಿಸಬಹುದು. ಡಬ್ಬಿಯ ಮೇಲೆ ಅಚ್ಚಾಗಲಿದ್ದ ಸಾಲು: ನಿಮ್ಮ ಪ್ರತಿಯೊಂದು ಆಯ್ಕೆಯೂ ಅಂತ್ಯವನ್ನು ಬದಲಿಸುತ್ತದೆ.

ಆ ಹುಡುಗಿ ನಮ್ಮ ಎಂಟು ಜನರಲ್ಲಿ ಒಬ್ಬಳು, ವರ್ತೂರಿನವಳು. ಅವರ ಮನೆಯವರು ಕೆರೆ ಪಕ್ಕದಲ್ಲಿ ಸೊಪ್ಪು ಬೆಳೆಯುತ್ತಿದ್ದವರು, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದ್ದರು. ಅವಳು ಮೂರು ತಿಂಗಳ ಕಾಂಟ್ರಾಕ್ಟಿನ ಮೇಲಿದ್ದಳು. ನಮ್ಮಲ್ಲಿ ಒಂದು ನಿಯಮವಿತ್ತು: ಒಬ್ಬರು ಬರೆದ ಮೂರು ತಪ್ಪುಗಳನ್ನು ವಿದೇಶದವರು ‘ನಾಟ್ ಎ ಬಗ್’, ಅಂದರೆ ಇದು ತಪ್ಪೇ ಅಲ್ಲ, ಎಂದು ತಿರಸ್ಕರಿಸಿದರೆ ಅವರು ತಂಡದಿಂದ ಹೊರಗೆ. ಅವಳದು ಎರಡು ಆಗಿಹೋಗಿದ್ದವು. ಮೂರನೆಯದಾಗಿ ಅವಳು ಬರೆದದ್ದು: ಕಳ್ಳನನ್ನು ಬಿಟ್ಟರೂ ಕೊನೆಯಲ್ಲಿ ಅವನು ಸತ್ತ ಎಂದು ಆಟ ಹೇಳುತ್ತದೆ.

ಉತ್ತರ ಮಾರನೇ ದಿನವೇ ಬಂತು. ಅವರು ಆಡಿ ನೋಡಿದರಂತೆ, ಎಲ್ಲ ಸರಿಯಿದೆಯಂತೆ, ಆಡಿದವರು ಪ್ರಾಯಶಃ ಗಲ್ಲಿಗೇರಿಸಿ ಮರೆತಿರಬೇಕಂತೆ. ಶುಕ್ರವಾರದೊಳಗೆ ನಾನು ಒಪ್ಪಿಗೆಯನ್ನೋ ಆಕ್ಷೇಪವನ್ನೋ ತಿಳಿಸಬೇಕಿತ್ತು.

"ನಾನ್ ಬಿಟ್ಟಿದ್ದೆ ಸಾರ್," ಅಂದಳು ಅವಳು.

"ಗ್ಯಾರಂಟಿನಾ?"

"ಕೋಳಿ ಕದ್ದೋನ್ ಸಾರ್ ಅವ್ನು. ಅದಕ್ಕೆಲ್ಲ ನೇಣು ಆಕ್ತಾರಾ?"

ಸೋಮವಾರ ನಾನೇ ಆಡಲು ಕುಳಿತೆ. ಪರೀಕ್ಷೆಗೆಂದು ಕೊಟ್ಟ ಆವೃತ್ತಿಯಲ್ಲಿ ಪರದೆಯ ಬದಿಗೆ ಒಂದು ಕಿಟಕಿ ತೆರೆದುಕೊಳ್ಳುತ್ತಿತ್ತು. ಮಾರುಕಟ್ಟೆಯಲ್ಲಿ ಕೊಳ್ಳುವವನಿಗೆ ಅದು ಕಾಣುವುದಿಲ್ಲ. ಅದರಲ್ಲಿ ನನ್ನ ಪುಣ್ಯ ಅಂಕಿಯಲ್ಲಿ ಬರುತ್ತಿತ್ತು. ಸೊನ್ನೆಯಿಂದ ಆರಂಭ. ಮುದುಕಿಗೆ ನಾಣ್ಯ ಕೊಟ್ಟರೆ ಎರಡು ಕೂಡುತ್ತದೆ, ಒದ್ದರೆ ಐದು ಕಳೆಯುತ್ತದೆ. ಮೇಲೆ ನೂರು, ಕೆಳಗೆ ಮೈನಸ್ ನೂರು, ಅದರಾಚೆ ಹೋಗುವುದಿಲ್ಲ. ನಾನು ಸಜ್ಜನನಾಗಿ ಆಡಿ ಮೂರನೇ ಅಧ್ಯಾಯಕ್ಕೇ ನೂರು ಮುಟ್ಟಿದೆ. ಆಮೇಲೆ ಮಾಡಿದ ಒಳ್ಳೆಯದೆಲ್ಲ ತುಂಬಿದ ಬಕೆಟ್ಟಿಗೆ ಹಿಡಿದ ನಲ್ಲಿಯಾಯಿತು. ಒಂದು ಮನೆ ದೋಚಿದೆ, ಹದಿನೈದು ಇಳಿಯಿತು. ಮುದುಕಿಯ ಮುಂದೆ ನಿಂತು ಎಂಟು ಸಲ ನಾಣ್ಯ ಹಾಕಿದೆ, ಮತ್ತೆ ನೂರು. ಮುದುಕಿ ಎಂಟು ಸಲವೂ ಅದೇ ಮಾತಿನಲ್ಲಿ ಹರಸಿದಳು. ದೋಚಿಸಿಕೊಂಡವನು ಏನಾದನೆಂದು ಯಾರೂ ಕೇಳಲಿಲ್ಲ.

ಆಮೇಲೆ ದುಷ್ಟನಾಗಿ ಆಡಬೇಕಿತ್ತು. ಅದು ನನ್ನಿಂದಾಗಲಿಲ್ಲ. ಮುದುಕಿಯನ್ನು ಒದೆಯುವ ಬದಲು ದಾಟಿ ಹೋದೆ. ನನ್ನ ಮಟ್ಟಿಗೆ ಅದೇ ದೊಡ್ಡ ದುಷ್ಟತನ. ಅಂಕಿ ಸೊನ್ನೆಯ ಆಜುಬಾಜಿನಲ್ಲೇ ಓಲಾಡಿತು. ಐವತ್ತು ದಾಟಿದ ಸಜ್ಜನನಿಗೆ ಗಾಯ ಮಾಗಿಸುವ ಶಕ್ತಿ ಬರುತ್ತದೆ, ಮೈನಸ್ ಐವತ್ತಕ್ಕಿಳಿದ ದುಷ್ಟನಿಗೆ ಬೆಂಕಿ ಉಗುಳುವ ಶಕ್ತಿ. ನಡುವಿನವನಿಗೆ ಏನೂ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ ಒಂದು ತೋಳ ನನ್ನನ್ನು ಹನ್ನೊಂದು ಸಲ ಕೊಂದಿತು. ಬ್ರೂಕ್‌ಫೀಲ್ಡಿನ ಮನೆಗೆ ಬಂದು ಇದನ್ನು ಹೇಳಿದೆ.

"ನಿಮ್ಮನ್ನ ನೋಡೇ ಮಾಡಿರ್ಬೇಕು ಬಿಡ್ರಿ," ಅಂದಳು ಹೆಂಡತಿ. "ಅಪಾರ್ಟ್‌ಮೆಂಟ್ ಮೀಟಿಂಗ್‌ನ್ಯಾಗೂ ಹಿಂಗಽ ಅಲ್ಲೇನು? ಈ ಕಡೆನೂ ಕೈ ಎತ್ತಂಗಿಲ್ಲ, ಆ ಕಡೆನೂ ಎತ್ತಂಗಿಲ್ಲ."

ಮಂಗಳವಾರ ಕೊನೇ ಗಂಟೆಯಲ್ಲಿ ಧೈರ್ಯ ಮಾಡಿ ಮುದುಕಿಯನ್ನು ಒದ್ದೆ. ಪರದೆಯ ಕಡೆಗೆ ಬಗ್ಗಿ "ಸಾರಿ ಅಜ್ಜಿ" ಅಂದದ್ದು ಪಕ್ಕದ ಸಾಲಿನವರಿಗೂ ಕೇಳಿಸಿತು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಗಿರಣಿಯ ಹೆಂಗಸು ಬದುಕಿದರೆ ಐದನೇ ಅಧ್ಯಾಯದಲ್ಲಿ ಬಂದು ಸೇತುವೆಯ ದಾರಿ ತೋರಿಸುತ್ತಾಳೆ. ಅವಳು ಸತ್ತರೆ ಅವಳ ತಂಗಿ ಬರುತ್ತಾಳೆ, ಅದೇ ಮಾತು, ಅದೇ ದನಿ, ಅದೇ ಸೇತುವೆ. ನನಗೆ ಮೋಸ ಅನ್ನಿಸಿತು. ಹುಡುಗಿಯೇ ನನಗೆ ಬಿಡಿಸಿ ಹೇಳಿದಳು. "ಒಂದೊಂದ್ ಅಧ್ಯಾಯಕ್ಕೆ ಒಂದೇ ಆಯ್ಕೆ ಅಂದ್ಕೊಳಿ ಸಾರ್. ಪ್ರತಿಯೊಂದಕ್ಕೂ ಬೇರೆ ಬೇರೆ ಕಥೆ ಕಟ್ತಾ ಇದ್ರೆ ಎರಡು, ನಾಕು, ಎಂಟು... ಆರ್ನೇದ್ರ ಒತ್ತಿಗೆ ಅರವತ್ನಾಕ್ ಕಥೆ ಆಯ್ತದೆ. ಯಾರ್ ಬರೀತಾರೆ? ಅದಕ್ಕೇ ದಾರಿ ಕವಲು ಒಡೆದು ಮತ್ತೆ ಸೇರ್ಕೊಳ್ತದೆ."

"ಹಾಗಾದ್ರೆ ಅಂತ್ಯ?"

"ಮೂರೇ ಸಾರ್. ಕೊನೇಲಿ ಮೂರು ಬಾಗ್ಲು. ಬಿಳೀದು ತೆಗೀಬೇಕಂದ್ರೆ ಐವತ್ತರ ಮೇಲಿರ್ಬೇಕು, ಕಪ್ಪುದಕ್ಕೆ ಮೈನಸ್ ಐವತ್ತು. ಮಧ್ಯದ್ದು ಯಾರಿಗಾದ್ರೂ ತೆರೀತದೆ. ಯಾವ್ ಬಾಗ್ಲೋ ಆ ಸಿನಿಮಾ."

ಅಂದರೆ ಆರು ಅಧ್ಯಾಯದ ನೂರಾರು ಆಯ್ಕೆಗಳು ಕರಗಿ ಒಂದು ಅಂಕಿಯಾಗುತ್ತವೆ, ಅದನ್ನು ಕೊನೆಯ ಬಾಗಿಲು ಒಂದೇ ಸಲ ನೋಡುತ್ತದೆ. ಬಾಗಿಲಿನ ಎದುರು ಆಟವನ್ನು ಉಳಿಸಿಟ್ಟುಕೊಂಡ ಸಜ್ಜನ ಬಿಳಿ ಬಾಗಿಲನ್ನೂ ನೋಡಬಹುದು, ವಾಪಸು ಬಂದು ಮಧ್ಯದ್ದನ್ನೂ ನೋಡಬಹುದು. ಇದನ್ನೇ ಅಂತ್ಯ ಬದಲಾಗುವುದು ಎನ್ನುತ್ತಾರೆಯೇ? ಬದಲಾಯಿತು ಎಂದರೂ ಸರಿ, ಇಲ್ಲ ಎಂದರೂ ಸರಿ. ನನ್ನ ಹಳೆಯ ಗೇಜು ಹೀಗೆ ಎರಡು ಮಾತು ಆಡಿದ್ದರೆ ಅದನ್ನೇ ತಿಪ್ಪೆಗೆ ಎಸೆಯುತ್ತಿದ್ದೆ.

ಆದರೆ ಸಿನಿಮಾ ಮುಗಿದ ಮೇಲೆ ಚಿತ್ರಪಟಗಳು ಬರುತ್ತಿದ್ದವು, ಒಂದೊಂದಕ್ಕೂ ಕೆಳಗೆ ಎರಡು ಸಾಲು. ಗಿರಣಿ ಏನಾಯಿತು, ಬಾವಿ ಏನಾಯಿತು, ಕಳ್ಳ ಏನಾದ. ಇವಕ್ಕೂ ಅಂಕಿಗೂ ಸಂಬಂಧವಿಲ್ಲ. ಒಂದೊಂದು ಘಟನೆಗೂ ಆಟ ಒಂದು ಗುರುತು ಇಟ್ಟುಕೊಳ್ಳುತ್ತದೆ: ಮಾಡಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಳ್ಳನನ್ನು ಬಿಟ್ಟ ಗುರುತು ಒಂದಾಗಿದ್ದರೆ ಅವನು ಉಳುಮೆ ಮಾಡುವ ಚಿತ್ರ ಬರಬೇಕು, ಸೊನ್ನೆಯಾಗಿದ್ದರೆ ಗಲ್ಲುಮರದ ಚಿತ್ರ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಆಯ್ಕೆ ನಿಜವಾಗಿ ಲೆಕ್ಕಕ್ಕೆ ಬರುತ್ತಿದ್ದುದು ಈ ಪಟಗಳಲ್ಲಿ ಮಾತ್ರ.

ಬುಧವಾರ ಕಳ್ಳನನ್ನು ಬಿಟ್ಟು, ಅಧ್ಯಾಯಗಳನ್ನು ಹಾರಿಸುವ ಪರೀಕ್ಷೆಯ ಕೀಲಿ ಬಳಸಿ ಒಂದೇ ಉಸಿರಿಗೆ ಕೊನೆ ಮುಟ್ಟಿದೆ. ಕಳ್ಳ ಉಳುಮೆ ಮಾಡುತ್ತಿದ್ದ. ಎತ್ತುಗಳೂ ಇದ್ದವು. ವಿದೇಶದವರದೇ ಸರಿ. ‘ಆಡಿದವರ ತಪ್ಪು’ ಎಂದು ಉತ್ತರ ಬರೆದಿಟ್ಟೆ, ಕಳಿಸಲು ಮಾತ್ರ ಬೆರಳು ಬರಲಿಲ್ಲ. ಅದು ನ್ಯಾಯಬುದ್ಧಿಯಲ್ಲ, ಬರೀ ಅಂಜಿಕೆ. ಅವಳನ್ನೇ ಕರೆದು ನನ್ನ ಮುಂದೆ ಆಡಿಸಿದೆ.

ಅವಳು ಸರಾಗವಾಗಿ ಆಡಿದಳು. ಎರಡನೇ ಅಧ್ಯಾಯ, ಕಳ್ಳ, ಬಿಟ್ಟಳು. ಕಿಟಕಿಯಲ್ಲಿ ಅವನ ಗುರುತು ಒಂದಾಯಿತು. ನಾನು ನೋಟ್‌ಬುಕ್ಕಿನಲ್ಲೂ ಬರೆದುಕೊಂಡೆ. ಮೂರನೇ ಅಧ್ಯಾಯದ ನಡುವೆ ಐದೂಕಾಲಾಯಿತು. ಅವಳು ಆಟವನ್ನು ಸೇವ್ ಮಾಡಿದಳು, ಮುಚ್ಚಿದಳು, ಟಿಫಿನ್ ಬಾಕ್ಸ್ ಬ್ಯಾಗಿಗೆ ಹಾಕಿಕೊಂಡಳು.

"ಎಲ್ಲಿಗೆ?"

"ಕ್ಯಾಬ್ ಸಾರ್. ಐದೂವರೆ ಕ್ಯಾಬ್ ಬಿಟ್ರೆ ವರ್ತೂರಿಗೆ ನಡ್ಕೊಂಡ್ ಓಗ್ಬೇಕು."

ಗುರುವಾರ ಬೆಳಿಗ್ಗೆ ಬಂದು ಅದೇ ಸೇವ್ ತೆರೆದಳು. ಅಂಕಿ ಎಂಬತ್ತಾರು, ನಿನ್ನೆ ಬಿಟ್ಟಷ್ಟೇ. ಗಿರಣಿ ಒಂದು. ಬಾವಿ ಒಂದು. ಕಳ್ಳ ಸೊನ್ನೆ.

ನಾನು ನೋಟ್‌ಬುಕ್ ನೋಡಿದೆ, ಪರದೆ ನೋಡಿದೆ, ಅವಳನ್ನು ನೋಡಿದೆ.

"ನಾನೇನೂ ಮುಟ್ಟಿಲ್ಲ ಸಾರ್. ಈಗ್ ತಾನೆ ಕೂತ್ಕೊಂಡೆ."

ಮೂರು ಸಲ ಮಾಡಿ ನೋಡಿದೆವು. ಆಟ ತೆರೆದೇ ಇರುವವರೆಗೆ ಕಳ್ಳನ ಗುರುತು ನೆನಪಿನಲ್ಲಿರುತ್ತಿತ್ತು. ಸೇವ್ ಮಾಡುವಾಗ ಯಾವ ಯಾವ ಗುರುತುಗಳನ್ನು ಬರೆದಿಡಬೇಕು ಎಂಬ ಪಟ್ಟಿಯಲ್ಲಿ ಅವನೊಬ್ಬನನ್ನು ಸೇರಿಸಲು ಯಾರೋ ಮರೆತಿದ್ದರು. ಮುಚ್ಚಿ ತೆರೆದರೆ ಅವನು ಮತ್ತೆ ಸೊನ್ನೆ. ವಿದೇಶದವರು ಅಧ್ಯಾಯ ಹಾರಿಸಿ ಒಂದೇ ಸಲ ಕೂತು ನೋಡಿದ್ದರು, ನಾನೂ ಹಾಗೆಯೇ ನೋಡಿದ್ದೆ, ನಮ್ಮಲ್ಲಿ ಉಳಿದವರೂ ಕೊನೆ ಮುಟ್ಟಿಯೇ ಏಳುತ್ತಿದ್ದರು. ಕೊಂಡವರು ಆಡುವ ಹಾಗೆ ದಿನಕ್ಕಷ್ಟು ಆಡಿ, ಮುಚ್ಚಿ, ಮನೆಗೆ ಹೋಗುತ್ತಿದ್ದವಳು ಇವಳೊಬ್ಬಳೇ. ಅದೂ ಕ್ಯಾಬಿನ ದೆಸೆಯಿಂದ.

ಒಂದೊಂದು ಹೆಜ್ಜೆಗೂ ಪರದೆಯ ಚಿತ್ರ ತೆಗೆದು, ಅವಳ ಸೇವ್‌ಗಳನ್ನೂ ಲಗತ್ತಿಸಿ ಆಕ್ಷೇಪ ಕಳಿಸಿದೆ. ಕಳಿಸಿದ ಮೇಲೆ ನಾಲ್ಕು ಸಲ ತೆರೆದು ನೋಡಿದೆ. ಶುಕ್ರವಾರ ಉತ್ತರ ಬಂತು: ಒಪ್ಪಿದ್ದೇವೆ, ಸರಿಪಡಿಸುತ್ತೇವೆ, ತಪ್ಪು ಹಿಡಿದವರಿಗೆ ವಂದನೆ. ಸಂಜೆಯೊಳಗೆ ಅವಳ ಕಾಂಟ್ರಾಕ್ಟೂ ಮುಂದುವರಿಯಿತು. ಸುದ್ದಿ ಹೇಳಿದಾಗ ಅವಳು ಬ್ಯಾಗು ಹೆಗಲಿಗೇರಿಸುತ್ತ, "ಅಬ್ಬ, ಅಮ್ಮನ್ಗೆ ಏಳ್ತೀನಿ ಸಾರ್" ಅಂದಳು. ಕ್ಯಾಬಿಗೆ ಹೊತ್ತಾಗಿತ್ತು.

ಹತ್ತು ದಿನದ ಮೇಲೆ ಹೊಸ ಆವೃತ್ತಿ ಬಂತು. ಅವಳು ಕಳ್ಳನನ್ನು ಬಿಟ್ಟಳು, ಮುಚ್ಚಿದಳು, ತೆರೆದಳು, ಕೊನೆ ಮುಟ್ಟಿದಳು. ಗಿರಣಿಯ ಪಟ ಬಂತು, ಬಾವಿಯ ಪಟ ಬಂತು, ಆಟ ಮುಗಿಯಿತು. ಕಳ್ಳನ ಪಟ ಬರಲಿಲ್ಲ. ಇನ್ನೊಮ್ಮೆ ಅವನನ್ನು ಗಲ್ಲಿಗೇರಿಸಿ ನೋಡಿದಳು. ಆಗಲೂ ಗಿರಣಿ, ಬಾವಿ, ಮುಗಿಯಿತು.

ಬರೆದು ಕೇಳಿದೆ. ಒಂದೇ ಸಾಲಿನ ಉತ್ತರ: ಸೇವ್ ಬರೆಯುವ ಕ್ರಮವನ್ನು ಈಗ ಬದಲಿಸಿದರೆ ಹಳೆಯ ಸೇವ್‌ಗಳು ತೆರೆಯುವುದಿಲ್ಲ, ಬಿಡುಗಡೆ ಹತ್ತಿರವಾಗಿದೆ, ಆದ್ದರಿಂದ ಆ ಪಟವನ್ನೇ ತೆಗೆದಿದ್ದೇವೆ. ನಮ್ಮ ದಾಖಲೆಯಲ್ಲಿ ತಪ್ಪಿನ ಎದುರು ‘ಸರಿಯಾಗಿದೆ’ ಎಂದು ಹಸಿರು ಬಣ್ಣ ಬಿದ್ದಿತ್ತು. ನಾನೂ ಸಹಿ ಹಾಕಿದೆ. ಡಬ್ಬಿಯ ಮೇಲಿನ ಸಾಲು ಹಾಗೆಯೇ ಅಚ್ಚಿಗೆ ಹೋಯಿತು.

ಮುಂದಿನ ಸೋಮವಾರ, ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆಗೆಂದು ಅವಳು ಮೊದಲಿನಿಂದ ಮತ್ತೆ ಆಡಬೇಕಿತ್ತು. ಎರಡನೇ ಅಧ್ಯಾಯಕ್ಕೆ ಬಂದು ನನ್ನ ಕಡೆ ತಿರುಗಿದಳು.

"ಸಾರ್, ಇವ್ನನ್ನ ಏನ್ ಮಾಡ್ಲಿ? ಪಟ್ಟೀಲಿ ಏನ್ ಬರ್ದಿದೆ?"

ಏನು ಮಾಡಿದರೆ ಏನು ಆಗಬೇಕು ಎಂದು ಬರೆದಿರುವ ಹಾಳೆಯನ್ನು ತೆಗೆದೆ. ಕಳ್ಳನ ಸಾಲಿನಲ್ಲಿ ಬಿಟ್ಟರೆ, ಗಲ್ಲಿಗೇರಿಸಿದರೆ ಎಂದು ಎರಡು ಚೌಕಗಳು. ಎರಡರಲ್ಲೂ ಅಡ್ಡಗೆರೆ ಎಳೆದಿತ್ತು. ಯಾವುದನ್ನು ಹೇಳುವುದು ಎಂದು ತಿಳಿಯದೆ, ತಡಿ, ವಿದೇಶದವರನ್ನೇ ಒಂದು ಮಾತು ಕೇಳೋಣ ಅಂದೆ.

"ಬಿಟ್ಬಿಟ್ಟೆ ಸಾರ್," ಅಂದಳು, ಆಗಲೇ ಗಿರಣಿಯ ದಾರಿ ಹಿಡಿದಿದ್ದಳು.