ಐದನೆಯ ಸಾಲಿನ ನಂತರ

ಭದ್ರಾವತಿಯ ಗೆಳೆಯನೊಬ್ಬ ನಮ್ಮ ಆನ್‌ಲೈನ್ ಗೇಮ್ ತಂಡದಲ್ಲಿದ್ದ. ನಾನು ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ಆಡುತ್ತಿದ್ದೆ; ತಂಡದ ನಾಯಕ ನಾನೇ. ಆಟ ನಡೆಸುವ ಸರ್ವರ್ ಇದ್ದದ್ದು ಸಿಂಗಾಪುರದಲ್ಲಿ. ಒಂದು ಟೂರ್ನಿಯಲ್ಲಿ ಪರದೆಯ ಮೇಲೆ ಅವನ ಪಾತ್ರ ಮತ್ತೆ ಮತ್ತೆ ಕಲ್ಲಿನಂತೆ ನಿಂತುಬಿಟ್ಟಿತು. ನಾವು ಸೋತೆವು.

“ನಾನು ಬಟನ್ ಒತ್ತಿದ್ದೆ ಮಾರಾಯ, ನೆಟ್ ತಡ ಆಯ್ತು,” ಎಂದ. ಸಾಕ್ಷಿಗೆಂದು ಆಗಲೇ ಟ್ರೇಸ್‌ರೂಟ್ ಓಡಿಸಿ, ಸರ್ವರಿನ ದಾರಿಯಲ್ಲಿರುವ ಒಂದೊಂದು ರೂಟರಿಗೂ ಪ್ಯಾಕೆಟ್ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂಬ ಪಟ್ಟಿಯನ್ನು ಕಳಿಸಿದ. ಮೊದಲ ಸಾಲುಗಳಲ್ಲಿ ಹತ್ತು ಮಿಲಿಸೆಕೆಂಡು ಇದ್ದದ್ದು ಐದನೆಯ ಸಾಲಿನಲ್ಲಿ ಇನ್ನೂರಕ್ಕೆ ಜಿಗಿದಿತ್ತು. ನಾನು ಅಷ್ಟನ್ನೇ ನೋಡಿ, “ನಡುವಿನ ರೂಟರ್ ಉತ್ತರ ಕೊಡೋಕೆ ಸೋಮಾರಿತನ ಮಾಡುತ್ತೆ ಕಣೋ, ಅದು ಲೆಕ್ಕಕ್ಕಿಲ್ಲ,” ಎಂದು ಅವನನ್ನು ತಂಡದಿಂದ ತೆಗೆದೆ.

ಕೆಲವು ತಿಂಗಳ ಮೇಲೆ ನನ್ನ ಆಟವೂ ತಡವರಿಸಿತು. ಆಗ ಆ ಪಟ್ಟಿಯನ್ನು ಸರಿಯಾಗಿ ಓದಲು ಕಲಿತೆ. ಒಂದು ಸಾಲು ಏರಿ ಮುಂದಿನವು ಇಳಿದರೆ ಚಿಂತೆಯಿಲ್ಲ. ಏರಿದ್ದು ಕೊನೆಯವರೆಗೂ ಇಳಿಯದಿದ್ದರೆ ವಿಳಂಬ ನಿಜ. ಅವನ ಹಳೆಯ ಪಟ್ಟಿಯನ್ನು ತೆರೆದೆ. ಐದರಿಂದ ಸರ್ವರಿನವರೆಗೆ ಒಂದು ಸಾಲೂ ಇನ್ನೂರಕ್ಕಿಂತ ಕೆಳಗಿಳಿದಿರಲಿಲ್ಲ. ನನಗೆ ಮಾಮೂಲಿ ದಿನಗಳಲ್ಲಿ ಸರ್ವರ್‌ವರೆಗೂ ಅರವತ್ತೇ ಸಾಕಾಗುತ್ತಿತ್ತು.

ಮರುದಿನವೇ ಬಸ್ ಹತ್ತಿ ಅವನ ಮನೆಗೆ ಹೋಗಿ, “ತಪ್ಪು ನಂದು,” ಎಂದೆ.

ಅವನು ತನ್ನ ಬೆರಳುಗಳನ್ನೇ ನೋಡುತ್ತ, “ನನ್ನ ಕೈಯೇ ನಿಧಾನ ಅಂತ ನಂಬಿಬಿಟ್ಟಿದ್ದೆ ಕಣೋ. ಆಡೋದೇ ಬಿಟ್ಟೆ,” ಎಂದ.

ಮತ್ತೆ ತಂಡಕ್ಕೆ ಕರೆದೆ; ಬರಲಿಲ್ಲ. ಈಗಲೂ ಆಟ ಶುರುವಾಗುವ ಮುನ್ನ ಹೆಡ್‌ಫೋನಿನ ಮೌನದಲ್ಲಿ ಅವನು ಉಸಿರಾಡುತ್ತಿದ್ದಾನೆ ಅನಿಸಿ, ಒಂದು ಕ್ಷಣ ಕಾಯುತ್ತೇನೆ.